ಈಜಿಪ್ಟಿನ ಸಮಾಧಿ ಚಿತ್ರಗಳಲ್ಲಿ ಜನ ಹೀಗೇಕೆ ನಿಂತಿದ್ದಾರೆ?

2025ರ ನವೆಂಬರ್ 1ರಂದು ಗಿಜಾದ ಪಿರಮಿಡ್‌ಗಳ ಹತ್ತಿರ ಗ್ರ್ಯಾಂಡ್ ಈಜಿಪ್ಶಿಯನ್ ಮ್ಯೂಸಿಯಂ ಅಧಿಕೃತವಾಗಿ ಉದ್ಘಾಟನೆಯಾಯಿತು. ಆಮೇಲೆ ಪ್ರಾಚೀನ ಈಜಿಪ್ಟಿನ ಫೋಟೊ, ವಿಡಿಯೊಗಳು ಮೊಬೈಲ್‌ಗಳಲ್ಲಿ ಜಾಸ್ತಿಯೇ ಓಡಾಡಿದವು. ಅವನ್ನು ನೋಡಿದ ಹೈಸ್ಕೂಲು ಮಕ್ಕಳಿಗೆ ಸಹಜವಾಗಿ ಬರುವ ಪ್ರಶ್ನೆ ಒಂದಿದೆ. ಈ ಚಿತ್ರಗಳಲ್ಲಿ ಮುಖ ಒಂದು ಕಡೆ ತಿರುಗಿದ್ದರೆ ಭುಜ ಇನ್ನೊಂದು ಕಡೆ ಏಕಿದೆ? ಒಬ್ಬ ಮನುಷ್ಯ ಗೋಡೆಯಷ್ಟು ಎತ್ತರ, ಪಕ್ಕದವನು ಅವನ ಮೊಣಕಾಲಿನಷ್ಟೇ ಎತ್ತರ ಏಕೆ? ಪಿರಮಿಡ್ ಕಟ್ಟಿದ ಜನಕ್ಕೆ ಮನುಷ್ಯನ ಚಿತ್ರ ಬಿಡಿಸಲು ಬರುತ್ತಿರಲಿಲ್ಲವೇ?

ಬರುತ್ತಿತ್ತು. ಅದಕ್ಕೆ ಪುರಾವೆಯೂ ಇದೆ. ಅವರು ಬೇಕೆಂದೇ ಹೀಗೆ ಬರೆದರು, ನಿಯಮ ಇಟ್ಟುಕೊಂಡು ಬರೆದರು. ಆ ನಿಯಮಗಳಲ್ಲಿ ಎರಡು ಮುಖ್ಯ. ಒಂದು, ದೇಹದ ಬೇರೆ ಬೇರೆ ಭಾಗಗಳನ್ನು ಬೇರೆ ಬೇರೆ ಕೋನದಿಂದ ನೋಡಿ ಒಂದೇ ಆಕೃತಿಯಲ್ಲಿ ಸೇರಿಸುವುದು. ಇದನ್ನು ಕಲೆಯ ಪುಸ್ತಕಗಳು ಕಾಂಪೊಸಿಟ್ ವ್ಯೂ ಅನ್ನುತ್ತವೆ, ನಾವು ಇಲ್ಲಿ ಕೂಡುನೋಟ ಅನ್ನೋಣ. ಇನ್ನೊಂದು, ದೊಡ್ಡವರನ್ನು ದೊಡ್ಡದಾಗಿ, ಚಿಕ್ಕವರನ್ನು ಚಿಕ್ಕದಾಗಿ ಬರೆಯುವುದು. ಇದಕ್ಕೆ ಹೈರಾರ್ಕಿಕಲ್ ಸ್ಕೇಲ್ ಎಂಬ ಹೆಸರಿದೆ. ನಾವು ಅಂತಸ್ತಿನ ಅಳತೆ ಅನ್ನೋಣ.

ಈ ಎರಡನ್ನೂ ಸುಮ್ನೆ ಬಾಯಿಪಾಠ ಮಾಡುವ ಬದಲು ಒಂದು ಚಿತ್ರ ಇಟ್ಟುಕೊಂಡು ನೋಡುವುದು ಒಳ್ಳೆಯದು.

## ಜೌಗಿನಲ್ಲಿ ಬೇಟೆಯಾಡುವ ನೆಬಮುನ್

ಕ್ರಿ.ಪೂ. 1350ರ ಸುಮಾರಿಗೆ ಥೀಬ್ಸ್‌ನಲ್ಲಿ, ಅಂದರೆ ಇವತ್ತಿನ ಲಕ್ಸರ್‌ನಲ್ಲಿ, ನೆಬಮುನ್ ಎಂಬ ಅಧಿಕಾರಿ ಇದ್ದ. ಕಾರ್ನಾಕ್‌ನ ಅಮುನ್ ದೇವಾಲಯದಲ್ಲಿ ಧಾನ್ಯದ ಲೆಕ್ಕ ಬರೆಯುವುದು ಅವನ ಕೆಲಸ. ರಾಜನಲ್ಲ, ಮಂತ್ರಿಯೂ ಅಲ್ಲ. ಆದರೂ ಬಂಡೆ ಕೊರೆಸಿ ತನ್ನ ಸಮಾಧಿ ಮಾಡಿಸಿಕೊಳ್ಳುವಷ್ಟು, ಅದರ ಗೋಡೆಗೆ ಒಳ್ಳೆಯ ಕಲಾವಿದರಿಂದ ಚಿತ್ರ ಬರೆಸುವಷ್ಟು ಅನುಕೂಲ ಅವನಿಗಿತ್ತು.

1820ರಲ್ಲಿ ಈ ಸಮಾಧಿ ಜೊವಾನ್ನಿ ದ'ಅಥನಾಸಿ ಎಂಬ ಗ್ರೀಕನ ಕಣ್ಣಿಗೆ ಬಿತ್ತು. ಅವನು ಬ್ರಿಟಿಷ್ ರಾಯಭಾರಿ ಅಧಿಕಾರಿ ಹೆನ್ರಿ ಸಾಲ್ಟ್‌ಗಾಗಿ ಪ್ರಾಚೀನ ವಸ್ತುಗಳನ್ನು ಹುಡುಕುತ್ತಿದ್ದ. ಗೋಡೆಯಿಂದ ಚಿತ್ರದ ತುಂಡುಗಳನ್ನು ಕತ್ತರಿಸಿ ತೆಗೆದರು. ಹನ್ನೊಂದು ತುಂಡುಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿದವು. ಸಮಾಧಿ ಸರಿಯಾಗಿ ಎಲ್ಲಿತ್ತು ಎಂಬ ದಾಖಲೆ ಮಾತ್ರ ಉಳಿಯಲಿಲ್ಲ. ಚಿತ್ರ ಸಿಕ್ಕಿತು, ಅದರ ಮನೆ ಕಳೆದುಹೋಯಿತು.

ಆ ತುಂಡುಗಳಲ್ಲಿ ಹೆಚ್ಚು ಹೆಸರಾದದ್ದು ಬೇಟೆಯ ದೃಶ್ಯ. ಎತ್ತರ ಸುಮಾರು ಒಂದು ಮೀಟರ್. ಪಪೈರಸ್ ಜೊಂಡಿನಿಂದ ಕಟ್ಟಿದ ಪುಟ್ಟ ದೋಣಿಯಲ್ಲಿ ನೆಬಮುನ್ ಕಾಲು ಅಗಲಿಸಿ ನಿಂತಿದ್ದಾನೆ. ಒಂದು ಕೈಯಲ್ಲಿ ಹಾವಿನಾಕಾರದ ಎಸೆಯುವ ಕೋಲು ಇದೆ. ಇನ್ನೊಂದು ಕೈಯಲ್ಲಿ ಮೂರು ಕೊಕ್ಕರೆಗಳನ್ನು ಕಾಲು ಹಿಡಿದು ಎತ್ತಿದ್ದಾನೆ. ಬೇರೆ ಹಕ್ಕಿಗಳನ್ನು ಹತ್ತಿರ ಸೆಳೆಯಲು ಅವು. ಹಿಂದೆ ಹೆಂಡತಿ ಹತ್ಶೆಪ್ಸುತ್ ನಿಂತಿದ್ದಾಳೆ. ಅದೇ ಹೆಸರಿನ ರಾಣಿ ಬೇರೆ, ಇವಳು ಬೇರೆ. ಅವನ ಕಾಲುಗಳ ನಡುವೆ ಪುಟ್ಟ ಮಗಳು ಕುಳಿತು ಅಪ್ಪನ ಕಾಲು ಹಿಡಿದುಕೊಂಡಿದ್ದಾಳೆ. ಮುಂದೆ ಜೊಂಡಿನ ಪೊದೆಯಿಂದ ಹಕ್ಕಿಗಳು, ಚಿಟ್ಟೆಗಳು ಎದ್ದಿವೆ. ಒಂದು ಬೆಕ್ಕು ಒಂದೇ ಸಲಕ್ಕೆ ಮೂರು ಹಕ್ಕಿಗಳನ್ನು ಹಿಡಿದಿದೆ. ಬೆಕ್ಕಿನ ಕಣ್ಣಿಗೆ ಚಿನ್ನದ ತಗಡು ಹಚ್ಚಿದ್ದಾರೆ. ದೋಣಿಯ ಕೆಳಗೆ ನೀರು, ನೀರಿನಲ್ಲಿ ಮೀನು.

ಸ್ವಲ್ಪ ಯೋಚಿಸಿ. ಕೆಸರು, ಜೊಂಡು, ಅಲುಗಾಡುವ ದೋಣಿ. ಹೆಂಡತಿ ಮಾತ್ರ ಔತಣಕ್ಕೆ ಹೊರಟವಳ ಹಾಗೆ ಉದ್ದನೆಯ ಉಡುಪು ತೊಟ್ಟು, ತಲೆಯ ಮೇಲೆ ಸುಗಂಧದ ಶಂಕು ಇಟ್ಟುಕೊಂಡು ನಿಂತಿದ್ದಾಳೆ. ಆ ದೋಣಿಗೆ ಮೂವರ ಭಾರ ತಡೆಯುವ ಲಕ್ಷಣವೂ ಇಲ್ಲ. ಒಂದು ದಿನ ನಡೆದ ಬೇಟೆಯನ್ನು ಕಂಡ ಹಾಗೆ ಬರೆದ ಚಿತ್ರ ಇದಲ್ಲ ಎಂಬುದು ಇಲ್ಲೇ ಗೊತ್ತಾಗುತ್ತದೆ.

## ಈ ಚಿತ್ರದ ಕೆಲಸವೇನು?

ನಿಯಮಗಳ ಕಾರಣ ತಿಳಿಯಬೇಕಾದರೆ ಚಿತ್ರ ಇದ್ದ ಜಾಗ ತಿಳಿಯಬೇಕು. ಅನುಕೂಲಸ್ಥರ ಸಮಾಧಿಯಲ್ಲಿ ಸಾಮಾನ್ಯವಾಗಿ ಎರಡು ಭಾಗ. ಕೆಳಗೆ, ಬಂಡೆಯೊಳಗೆ, ಶವ ಇಟ್ಟು ಮುಚ್ಚಿದ ಕೋಣೆ. ಮೇಲೆ, ಜನ ಒಳಗೆ ಬರಬಹುದಾದ ಪೂಜೆಯ ಕೋಣೆ. ಮನೆಯವರು ಹಬ್ಬದ ದಿನ ಅಲ್ಲಿಗೆ ಬಂದು ಸತ್ತವರಿಗೆ ರೊಟ್ಟಿ, ಬಿಯರ್, ಹೂವು ಅರ್ಪಿಸುತ್ತಿದ್ದರು. ನೆಬಮುನ್‌ನ ಚಿತ್ರಗಳು ಇದ್ದದ್ದು ಈ ಮೇಲಿನ ಕೋಣೆಯಲ್ಲಿ.

ಈಜಿಪ್ಟಿನವರ ನಂಬಿಕೆಯಲ್ಲಿ ಸತ್ತ ಮೇಲೂ ಬದುಕು ಮುಂದುವರಿಯುತ್ತದೆ, ಅದಕ್ಕೆ ಊಟ, ಆಳುಕಾಳು, ಕುಟುಂಬ ಎಲ್ಲವೂ ಬೇಕು. ಗೋಡೆಯ ಮೇಲೆ ಸರಿಯಾಗಿ ಬರೆದದ್ದು ಆ ಬದುಕಿನಲ್ಲಿ ಒದಗುತ್ತದೆ. ಇದು ತೋರಿಕೆಗೆ ಹೇಳುವ ಮಾತಾಗಿರಲಿಲ್ಲ. ಕೆಲವು ಹಳೆಯ ಸಮಾಧಿಗಳ ಒಳಕೋಣೆಯ ಬರಹದಲ್ಲಿ ಹಾವು, ಸಿಂಹದಂಥ ಪ್ರಾಣಿಗಳ ಅಕ್ಷರಚಿಹ್ನೆಗಳನ್ನು ಬೇಕೆಂದೇ ತುಂಡು ಮಾಡಿ ಬರೆದಿದ್ದಾರೆ. ಪೂರ್ತಿ ಬರೆದರೆ ಅದು ಎದ್ದು ಸತ್ತವನಿಗೆ ತೊಂದರೆ ಕೊಟ್ಟೀತು ಎಂಬ ಭಯ. ಅಕ್ಷರದಲ್ಲಿರುವ ಹಾವಿಗೇ ಇಷ್ಟು ಹೆದರುವವರು ಸಮಾಧಿಯ ಒಡೆಯನ ಚಿತ್ರವನ್ನು ಅರ್ಧಂಬರ್ಧ ಬರೆಯುತ್ತಾರೆಯೇ?

ಹಾಗಾಗಿ ಅಲ್ಲಿನ ಕಲಾವಿದನ ಮುಂದಿದ್ದ ಪ್ರಶ್ನೆ ನಮ್ಮದಕ್ಕಿಂತ ಬೇರೆ. ಇಲ್ಲಿ ನಿಂತರೆ ನೆಬಮುನ್ ಹೇಗೆ ಕಾಣುತ್ತಾನೆ ಎಂದು ಅವನು ಕೇಳಲಿಲ್ಲ. ನೆಬಮುನ್‌ಗೆ ಏನೇನು ಇರಬೇಕು, ಅದನ್ನೆಲ್ಲ ಸ್ಪಷ್ಟವಾಗಿ ಹೇಗೆ ತೋರಿಸಲಿ ಎಂದು ಕೇಳಿದ. ಕೂಡುನೋಟ ಹುಟ್ಟಿದ್ದು ಈ ಪ್ರಶ್ನೆಯಿಂದ.

## ಕೂಡುನೋಟ: ಒಂದು ದೇಹ, ಹಲವು ಕೋನ

ನಿಂತಿರುವ ಒಬ್ಬ ಗಂಡಸಿನ ಚಿತ್ರವನ್ನು ತಲೆಯಿಂದ ಕೆಳಗೆ ನೋಡುತ್ತ ಬನ್ನಿ. ಮುಖ ಪಕ್ಕದಿಂದ ಕಂಡಂತೆ ಇದೆ. ಮೂಗು, ತುಟಿ, ಗಲ್ಲದ ಗೆರೆ ಆ ಕಡೆಯಿಂದಲೇ ಚೆನ್ನಾಗಿ ಗೊತ್ತಾಗುತ್ತದೆ. ಆದರೆ ಆ ಪಕ್ಕದ ಮುಖದಲ್ಲಿರುವ ಕಣ್ಣು ಎದುರಿನಿಂದ ಕಂಡಂತೆ ಪೂರ್ತಿ ಇದೆ. ಕನ್ನಡಿಯಲ್ಲಿ ನಿಮ್ಮ ಮುಖವನ್ನು ಪಕ್ಕಕ್ಕೆ ತಿರುಗಿಸಿ ನೋಡಿದರೆ ಕಣ್ಣು ಸಣ್ಣ ತ್ರಿಕೋನದ ಹಾಗೆ ಕಾಣುತ್ತದೆ. ಅದು ಇವರಿಗೆ ಸಾಲದು.

ಕತ್ತಿನ ಕೆಳಗೆ ಎರಡೂ ಭುಜ ಎದುರಿಗೆ ತಿರುಗಿವೆ. ಇದರಿಂದ ಎರಡು ಕೈಯೂ ಪೂರ್ತಿ ಕಾಣುತ್ತವೆ, ಒಂದು ಇನ್ನೊಂದರ ಹಿಂದೆ ಮರೆಯಾಗುವುದಿಲ್ಲ. ಹೊಟ್ಟೆಯ ಹತ್ತಿರ ದೇಹ ಮತ್ತೆ ಪಕ್ಕಕ್ಕೆ ತಿರುಗುತ್ತದೆ. ಹೊಕ್ಕುಳು ನಡುವೆ ಇಲ್ಲ, ಮುಂದಿನ ಅಂಚಿನ ಹತ್ತಿರ ಇದೆ. ಹೆಂಗಸರ ಚಿತ್ರದಲ್ಲಿ ಭುಜ ಎದುರಿಗಿದ್ದರೂ ಒಂದೇ ಸ್ತನವನ್ನು ಮುಂದಿನ ಅಂಚಿನಲ್ಲಿ ಪಕ್ಕದಿಂದ ಬರೆಯುತ್ತಾರೆ. ಸೊಂಟ, ತೊಡೆ, ಕಾಲು ಎಲ್ಲ ಪಕ್ಕದ ನೋಟ.

ಪಾದಕ್ಕೆ ಬಂದಾಗ ಇನ್ನೊಂದು ತಮಾಷೆ ಇದೆ. ನಿಮ್ಮ ಗೆಳೆಯ ಬಲಕ್ಕೆ ಮುಖ ಮಾಡಿ ನಿಂತಿದ್ದಾನೆ ಅಂದುಕೊಳ್ಳಿ. ಅವನ ಬಲಗಾಲು ನಿಮಗೆ ಹತ್ತಿರ, ಅದರ ಹೊರಬದಿ ನಿಮಗೆ ಕಾಣಬೇಕು, ಅಂದರೆ ಕಿರುಬೆರಳಿನ ಕಡೆ. ಎಡಗಾಲು ದೂರ, ಅದರ ಒಳಬದಿ ಕಾಣಬೇಕು, ಹೆಬ್ಬೆರಳಿನ ಕಡೆ. ಈಜಿಪ್ಟಿನ ಚಿತ್ರಗಳಲ್ಲಿ ಹೆಚ್ಚಿನ ಕಾಲ ಎರಡು ಪಾದಗಳನ್ನೂ ಒಳಬದಿಯಿಂದಲೇ ಬರೆದರು. ಹೆಬ್ಬೆರಳು ಒಂದು, ಅಡಿಯ ಕಮಾನು ಒಂದು, ಅಷ್ಟೇ. ಹಾಗಾಗಿ ಬಲಕ್ಕೆ ನೋಡುವವನಿಗೆ ಎರಡೂ ಎಡಗಾಲು, ಎಡಕ್ಕೆ ನೋಡುವವನಿಗೆ ಎರಡೂ ಬಲಗಾಲು! ನೆಬಮುನ್‌ನ ಕಾಲ ಸೇರುವ ಹದಿನೆಂಟನೇ ರಾಜವಂಶದ ಹೊತ್ತಿಗೆ ಕೆಲವರು ಹತ್ತಿರದ ಪಾದದಲ್ಲಿ ಐದೂ ಬೆರಳು ಬರೆಯಲು ಶುರು ಮಾಡಿದ್ದರು. ಅದರ ಮುಂದಿನ ರಾಜವಂಶದ ರಾಣಿ ನೆಫೆರ್ತಾರಿಯ ಸಮಾಧಿಯಲ್ಲಿ ಇದನ್ನು ನೋಡಬಹುದು. ನಿಯಮ ಕಲ್ಲಿನಂತೆ ಸಾವಿರಾರು ವರ್ಷ ಕದಲದೆ ಇತ್ತು ಅಂದುಕೊಂಡರೆ ಅದು ತಪ್ಪು.

ಈಗ ಮೊದಲು ಹೇಳಿದ ಪುರಾವೆಗೆ ಬರೋಣ. ಎದುರು ಮುಖ ಬರೆಯಲು ಅವರಿಗೆ ಬರುತ್ತಿತ್ತು ಎಂದು ಹೇಗೆ ಗೊತ್ತು? ಅವರ ಚಿತ್ರಲಿಪಿಯಲ್ಲೇ ಎರಡು ಬೇರೆ ಚಿಹ್ನೆಗಳಿವೆ. ಒಂದರಲ್ಲಿ ತಲೆ ಪಕ್ಕದಿಂದ ಕಾಣುತ್ತದೆ, ಇನ್ನೊಂದರಲ್ಲಿ ಮುಖ ಪೂರ್ತಿ ಎದುರಿಗಿದೆ. ಗೂಬೆಯ ಚಿಹ್ನೆಯಲ್ಲಂತೂ ದೇಹ ಪಕ್ಕಕ್ಕಿದ್ದು ಮುಖ ಸೀದಾ ನಮ್ಮನ್ನೇ ನೋಡುತ್ತದೆ. ಗೂಬೆಯನ್ನು ಗುರುತಿಸಲು ಆ ದುಂಡು ಮುಖವೇ ಬೇಕಲ್ವಾ? ಪ್ರತಿ ಭಾಗಕ್ಕೂ ಅದರ ಗುರುತು ಚೆನ್ನಾಗಿ ಸಿಗುವ ಕೋನ ಯಾವುದೋ ಅದನ್ನು ಹಿಡಿದರು. ಎತ್ತಿನ ದೇಹ ಪಕ್ಕದಿಂದ, ಕೊಂಬು ಎದುರಿನಿಂದ.

## ಕೊಳ ಮೇಲಿಂದ, ಮರ ಪಕ್ಕದಿಂದ

ಕೂಡುನೋಟ ಮನುಷ್ಯರಿಗೆ ಮಾತ್ರ ಮೀಸಲಲ್ಲ. ನೆಬಮುನ್‌ನ ಸಮಾಧಿಯದೇ ಇನ್ನೊಂದು ತುಂಡಿನಲ್ಲಿ ತೋಟದ ಕೊಳ ಇದೆ. ಕೊಳ ಒಂದು ಆಯತ. ಸೀದಾ ಮೇಲಿಂದ ನೋಡಿದ ಹಾಗಿದೆ. ಅದರೊಳಗಿನ ಬಾತು, ಮೀನು, ತಾವರೆ ಎಲ್ಲವೂ ಪಕ್ಕದಿಂದ ನೋಡಿದ ಹಾಗಿವೆ. ಕೊಳದ ಸುತ್ತ ಖರ್ಜೂರ, ಅತ್ತಿಯ ಜಾತಿಯ ಮರಗಳಿವೆ. ಮೇಲಿನ ದಡದ ಮರಗಳು ನೆಟ್ಟಗೆ ನಿಂತಿವೆ. ಪಕ್ಕದ ದಡದ ಮರಗಳು ಅಡ್ಡ ಮಲಗಿದಂತಿವೆ.

ಮೊದಲ ಸಲ ನೋಡಿದವರಿಗೆ ಬಿರುಗಾಳಿಗೆ ಮರ ಉರುಳಿವೆಯೇನೋ ಅನಿಸಬಹುದು. ಹಾಗಲ್ಲ. ಕೊಳವನ್ನು ಪಕ್ಕದಿಂದ ಬರೆದರೆ ಒಂದು ಗೆರೆ ಮಾತ್ರ ಸಿಗುತ್ತದೆ. ಮೀನು, ತಾವರೆ ಇಡಲು ಜಾಗವೇ ಇರುವುದಿಲ್ಲ. ಮರವನ್ನು ಮೇಲಿಂದ ಬರೆದರೆ ಹಸಿರು ಗುಡ್ಡೆ ಮಾತ್ರ ಸಿಗುತ್ತದೆ. ಯಾವ ಮರ, ಯಾವ ಹಣ್ಣು ಗೊತ್ತಾಗುವುದಿಲ್ಲ. ಹಾಗಾಗಿ ಎರಡಕ್ಕೂ ಅದದರ ಒಳ್ಳೆಯ ಕೋನ. ಮರದ ಬುಡ ದಡಕ್ಕೆ ತಾಗಿದ್ದರೆ ಸಾಕು, ಅದು ಆ ದಡದಲ್ಲಿ ಬೆಳೆದಿದೆ ಎಂದು ಓದಿಕೊಳ್ಳಬೇಕು. ನೆಬಮುನ್‌ಗೆ ನೆರಳು, ಹಣ್ಣು, ನೀರು, ಮೀನು ಎಲ್ಲ ಬೇಕು. ಯಾವುದೂ ಇನ್ನೊಂದರ ಹಿಂದೆ ಅಡಗಬಾರದು.

ಇದರಿಂದಲೇ ಇನ್ನೂ ಎರಡು ಸಂಗತಿ ಅರ್ಥವಾಗುತ್ತವೆ. ಈ ಚಿತ್ರಗಳಲ್ಲಿ ನೆರಳು ಇಲ್ಲ. ನೆರಳು ಒಂದು ಹೊತ್ತಿಗೆ, ಒಂದು ಬೆಳಕಿಗೆ ಸೇರಿದ್ದು, ಇಲ್ಲಿನ ಕೊಳ ಯಾವತ್ತಿಗೂ ಇರಬೇಕಾದದ್ದು. ಹಾಗೆಯೇ ದೂರದ್ದು ಚಿಕ್ಕದಾಗುವುದಿಲ್ಲ. ದೂರದಲ್ಲಿದೆ ಎಂದು ಒಂದು ಎತ್ತನ್ನು ಇರುವೆಯಷ್ಟು ಬರೆದರೆ, ಆ ಬದುಕಿನಲ್ಲಿ ಸಿಗುವ ಎತ್ತೂ ಅಷ್ಟೇ ಆಗಬಾರದಲ್ಲ!

## ಅಂತಸ್ತಿನ ಅಳತೆ

ದೂರ ಹತ್ತಿರಕ್ಕೆ ಗಾತ್ರ ಬೇಡವಾದ ಮೇಲೆ ಗಾತ್ರ ಬೇರೊಂದು ಕೆಲಸಕ್ಕೆ ಸಿಕ್ಕಿತು. ಯಾರು ಮುಖ್ಯ ಎಂದು ಹೇಳುವ ಕೆಲಸ. ನಮ್ಮ ತೊಗಲುಗೊಂಬೆಯಾಟ ನೋಡಿದವರಿಗೆ ಇದು ಹೊಸದೇನಲ್ಲ. ಕರ್ನಾಟಕದ ತೊಗಲುಗೊಂಬೆಗಳಲ್ಲೂ ರಾಜರ, ದೇವರ ಗೊಂಬೆ ದೊಡ್ಡದು, ಸೇವಕರ ಗೊಂಬೆ ಚಿಕ್ಕದು. ಪರದೆಯ ಮೇಲೆ ಬಂದ ಕೂಡಲೇ ಯಾರು ಯಾರೆಂದು ಗೊತ್ತಾಗುತ್ತದೆ. ಈಜಿಪ್ಟಿಗೂ ಇದಕ್ಕೂ ಯಾವ ಕೊಡುಕೊಳ್ಳುವಿಕೆಯೂ ಇಲ್ಲ, ಎರಡು ಕಡೆ ಬೇರೆ ಬೇರೆಯಾಗಿ ಹೊಳೆದ ದಾರಿ ಅದು.

ಬೇಟೆಯ ಚಿತ್ರಕ್ಕೆ ವಾಪಸ್ ಬನ್ನಿ. ನೆಬಮುನ್ ಎಲ್ಲರಿಗಿಂತ ದೊಡ್ಡವನು. ಹೆಂಡತಿ ಅವನಿಗಿಂತ ಚೆನ್ನಾಗಿಯೇ ಚಿಕ್ಕವಳು. ಮಗಳು ಇನ್ನೂ ಚಿಕ್ಕವಳು. ಹೆಂಡತಿ ದೂರ ನಿಂತಿದ್ದಾಳೆ ಎಂದು ಚಿಕ್ಕದಾಗಿಲ್ಲ, ಅವಳು ಅದೇ ದೋಣಿಯಲ್ಲಿದ್ದಾಳೆ. ಅವಳ ನಿಜವಾದ ಎತ್ತರ ಎಷ್ಟಿತ್ತು ಎಂಬುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಈ ದೃಶ್ಯದ ನಾಯಕ ಅವನು, ಅಷ್ಟೇ.

"ಈ ದೃಶ್ಯದ" ಎಂಬ ಮಾತು ಮುಖ್ಯ. ಹೆಂಗಸರನ್ನು ಯಾವಾಗಲೂ ಚಿಕ್ಕದಾಗಿ ಬರೆಯುತ್ತಿದ್ದರು ಎಂದು ಎಷ್ಟೋ ಕಡೆ ಓದುತ್ತೇವೆ. ಅದು ಪೂರ್ತಿ ಸರಿಯಲ್ಲ. ಅದೇ ಕಾಲದ ಸಮಾಧಿಗಳಲ್ಲಿ ಗಂಡ ಹೆಂಡತಿ ಪಕ್ಕಪಕ್ಕ ಕುಳಿತು ಕಾಣಿಕೆ ತೆಗೆದುಕೊಳ್ಳುವ ದೃಶ್ಯಗಳಲ್ಲಿ ಇಬ್ಬರೂ ಒಂದೇ ಗಾತ್ರ ಇರುವುದುಂಟು. ಗಾತ್ರ ಒಬ್ಬರ ಮೇಲೆ ಶಾಶ್ವತವಾಗಿ ಅಂಟಿಸಿದ ಅಂಕಿಯಲ್ಲ, ಆ ದೃಶ್ಯದಲ್ಲಿ ಅವರ ಪಾತ್ರಕ್ಕೆ ಸಿಕ್ಕ ಅಳತೆ. ದೇವರ ಮುಂದೆ ರಾಜ ನಿಂತಿರುವ ಚಿತ್ರಗಳಲ್ಲೂ ಇಬ್ಬರೂ ಹೆಚ್ಚುಕಡಿಮೆ ಸಮಾನ ಎತ್ತರ ಇರುತ್ತಾರೆ. ಬರೀ ಪದವಿಯ ಲೆಕ್ಕವೇ ಆಗಿದ್ದರೆ ದೇವರು ರಾಜನಿಗಿಂತ ತುಂಬ ದೊಡ್ಡದಾಗಬೇಕಿತ್ತು.

ಈ ಪದ್ಧತಿ ನೆಬಮುನ್‌ಗಿಂತ ತುಂಬ ಹಳೆಯದು. ಕ್ರಿ.ಪೂ. 3100ರ ಸುಮಾರಿನ ನಾರ್ಮರ್ ಫಲಕ ಎಂಬ ಕೆತ್ತನೆಯ ಕಲ್ಲಿನಲ್ಲಿ ರಾಜ ನಾರ್ಮರ್ ದೊಡ್ಡದಾಗಿ ನಿಂತು ಶತ್ರುವಿನ ಮೇಲೆ ಗದೆ ಎತ್ತಿದ್ದಾನೆ. ಅವನ ಚಪ್ಪಲಿ ಹಿಡಿದ ಸೇವಕ ಹಿಂದೆ ಪುಟ್ಟದಾಗಿ ನಿಂತಿದ್ದಾನೆ. ಭುಜ ಎದುರಿಗೆ, ಮುಖ ಪಕ್ಕಕ್ಕೆ, ಜನರನ್ನು ಅಡ್ಡ ಪಟ್ಟಿಗಳಲ್ಲಿ ಸಾಲಾಗಿ ಜೋಡಿಸುವುದು, ಎಲ್ಲವೂ ಅದರಲ್ಲಿ ಆಗಲೇ ಇದೆ. ನೆಬಮುನ್‌ಗೂ ನಾರ್ಮರ್‌ಗೂ ನಡುವೆ ಸುಮಾರು 1750 ವರ್ಷ.

## 18 ಚೌಕಗಳ ಲೆಕ್ಕ

ಒಂದೇ ಗೋಡೆಯ ಮೇಲೆ ಹಲವರು ಕೆಲಸ ಮಾಡುವಾಗ ಒಬ್ಬನ ಮೊಣಕೈ ಉದ್ದ, ಇನ್ನೊಬ್ಬನ ಕಾಲು ಗಿಡ್ಡ ಆಗದಂತೆ ನೋಡಿಕೊಳ್ಳುವುದು ಹೇಗೆ? ಅದಕ್ಕೊಂದು ಲೆಕ್ಕ ಇತ್ತು. ಕ್ರಿ.ಪೂ. 2000ದ ಸುಮಾರಿನ, ಮಧ್ಯ ರಾಜ್ಯ ಎಂದು ಕರೆಯುವ ಕಾಲದಿಂದ ಚೌಕಗಳ ಜಾಲ ಬಳಕೆಗೆ ಬಂತು. ದಾರವನ್ನು ಕೆಂಪು ಬಣ್ಣದಲ್ಲಿ ಅದ್ದಿ, ಗೋಡೆಗೆ ಬಿಗಿಯಾಗಿ ಹಿಡಿದು, ಎಳೆದು ಬಿಟ್ಟರೆ ನೇರ ಗೆರೆ ಬೀಳುತ್ತದೆ. ಹೀಗೆ ಅಡ್ಡ ಉದ್ದ ಗೆರೆ ಹಾಕಿದರೆ ಜಾಲ ಸಿದ್ಧ.

ನಿಂತ ಮನುಷ್ಯನಿಗೆ ಅಂಗಾಲಿನಿಂದ ಹಣೆಯ ಮೇಲಿನ ಕೂದಲಂಚಿನವರೆಗೆ 18 ಚೌಕ. ನೆತ್ತಿಯವರೆಗೆ ಅಳೆಯಲಿಲ್ಲ, ಕಾರಣ ಅಲ್ಲಿ ಕಿರೀಟ, ಟೋಪನ್ನು ಬೇರೆ ಬೇರೆ ಇರುತ್ತವೆ. ಮೊಣಕಾಲು ಕೆಳಗಿನಿಂದ 6ನೇ ಗೆರೆಯಲ್ಲಿ, ಪೃಷ್ಠದ ಕೆಳಭಾಗ 9ನೇ ಗೆರೆಯ ಹತ್ತಿರ, ಮೊಣಕೈ 12ರ ಹತ್ತಿರ, ಕತ್ತು ಭುಜ ಸೇರುವ ಜಾಗ 16ರಲ್ಲಿ ಬರುತ್ತದೆ. ಗಂಡಸಿನ ಭುಜದ ಅಗಲ ಸುಮಾರು 6 ಚೌಕ, ಹೆಂಗಸಿಗೆ ಸ್ವಲ್ಪ ಕಡಿಮೆ. ಕುಳಿತ ಮನುಷ್ಯನಿಗೆ ಕೂದಲಂಚಿನವರೆಗೆ 14 ಚೌಕ.

ಇದನ್ನು ಅಂತಸ್ತಿನ ಅಳತೆಯ ಜೊತೆ ಸೇರಿಸಿ ಒಂದು ಲೆಕ್ಕ ಮಾಡೋಣ. ಅಂಕಿಗಳು ನಾನು ಸುಲಭಕ್ಕೆ ಆರಿಸಿದ್ದು. ಗೋಡೆಯ ಒಂದು ಪಟ್ಟಿಯಲ್ಲಿ ಸಮಾಧಿಯ ಒಡೆಯ ಕುರ್ಚಿಯಲ್ಲಿ ಕುಳಿತಿದ್ದಾನೆ. ಎದುರಿಗೆ ಮಗ ಕಾಣಿಕೆ ಹಿಡಿದು ನಿಂತಿದ್ದಾನೆ. ಇಬ್ಬರ ಕೂದಲಂಚೂ ನೆಲದಿಂದ 126 ಸೆಂಟಿಮೀಟರ್ ಮೇಲೆ ಒಂದೇ ಗೆರೆಯಲ್ಲಿದೆ. ಮೇಲುನೋಟಕ್ಕೆ ಇಬ್ಬರೂ ಸಮ. ಆದರೆ ನಿಂತ ಮಗನಿಗೆ 18 ಚೌಕ, ಅಂದರೆ ಒಂದು ಚೌಕ 126 ಭಾಗಿಸು 18, 7 ಸೆಂಟಿಮೀಟರ್. ಕುಳಿತ ಅಪ್ಪನಿಗೆ 14 ಚೌಕ, ಅಂದರೆ ಒಂದು ಚೌಕ 9 ಸೆಂಟಿಮೀಟರ್. ಈಗ ಅಪ್ಪ ಎದ್ದು ನಿಂತರೆ? 18 ಗುಣಿಸು 9, ಒಟ್ಟು 162 ಸೆಂಟಿಮೀಟರ್. ಮಗನಿಗಿಂತ 36 ಸೆಂಟಿಮೀಟರ್ ಜಾಸ್ತಿ!

ಅಂದರೆ ಚಿತ್ರದಲ್ಲಿ ತಲೆಗಳು ಒಂದೇ ಎತ್ತರದಲ್ಲಿ ಕಂಡರೂ ಅಳತೆ ಒಂದೇ ಅಲ್ಲ. ಗಾತ್ರ ಹೋಲಿಸುವಾಗ ತಲೆಯ ಎತ್ತರ ನೋಡಿದರೆ ಮೋಸ ಹೋಗುತ್ತೀರಿ. ಮುಖದ ಗಾತ್ರವನ್ನೋ ಮುಷ್ಟಿಯ ಗಾತ್ರವನ್ನೋ ಹೋಲಿಸಿ. ಕುಳಿತವನ ಮುಷ್ಟಿ ನಿಂತವನ ಮುಷ್ಟಿಗಿಂತ ದೊಡ್ಡದಿದ್ದರೆ ಕಲಾವಿದ ಅವನನ್ನು ದೊಡ್ಡವನೆಂದು ಬರೆದಿದ್ದಾನೆ.

ಜಾಲ ಹಾಕಿದ ಮೇಲೆ ಮೊದಲು ಕೆಂಪು ಗೆರೆಯಲ್ಲಿ ರೇಖಾಚಿತ್ರ ಬರೆಯುತ್ತಿದ್ದರು. ತಿದ್ದುಪಡಿ ಕಪ್ಪು ಗೆರೆಯಲ್ಲಿ. ರಾಜರ ಕಣಿವೆಯಲ್ಲಿರುವ ಹೊರೆಮ್‌ಹೆಬ್‌ನ ಸಮಾಧಿ ಪೂರ್ತಿಯಾಗದೆ ಉಳಿದದ್ದರಿಂದ ಈ ಕೆಂಪು ಕಪ್ಪು ಗೆರೆಗಳು ಇವತ್ತಿಗೂ ಅಲ್ಲಿ ಕಾಣುತ್ತವೆ. ಮುಗಿದ ಸಮಾಧಿಗಳಲ್ಲಿ ಬಣ್ಣ ಅವನ್ನೆಲ್ಲ ಮುಚ್ಚಿಬಿಡುತ್ತದೆ. ನೆಬಮುನ್‌ನ ಸಮಾಧಿಯಂಥ ಕಡೆ ಬಂಡೆಯ ಮೇಲೆ ಮೊದಲು ಮಣ್ಣು ಮತ್ತು ಹುಲ್ಲಿನ ಗಾರೆ, ಅದರ ಮೇಲೆ ತೆಳುವಾದ ಬಿಳಿ ಗಾರೆ ಬಳಿದು, ಒಣಗಿದ ಮೇಲೆ ಬಣ್ಣ ಹಚ್ಚುತ್ತಿದ್ದರು. ಕೆಂಪು, ಹಳದಿಗೆ ಕಾವಿಮಣ್ಣು, ಕಪ್ಪಿಗೆ ಮಸಿ. ನೀಲಿಯನ್ನು ಮಾತ್ರ ಮರಳು, ತಾಮ್ರ, ಸುಣ್ಣ ಇತ್ಯಾದಿ ಸೇರಿಸಿ ಬೆಂಕಿಯಲ್ಲಿ ಸುಟ್ಟು ತಯಾರಿಸಬೇಕಿತ್ತು. ಬಣ್ಣದಲ್ಲೂ ವಾಡಿಕೆ ಇತ್ತು. ಗಂಡಸರಿಗೆ ಸಾಮಾನ್ಯವಾಗಿ ಕೆಂಗಂದು ಮೈ, ಹೆಂಗಸರಿಗೆ ಹಳದಿ ಕಡೆಗಿನ ತಿಳಿ ಮೈ.

## ನಿಯಮ ಯಾರಿಗೆ ಸಡಿಲ?

ನನಗೆ ಈ ಇಡೀ ವಿಷಯದಲ್ಲಿ ಜಾಸ್ತಿ ಕುತೂಹಲ ಹುಟ್ಟಿಸುವುದು ಇದು. ನಿಯಮ ಬಿಗಿಯಾಗಿರುವುದು ದೊಡ್ಡವರಿಗೆ. ಚಿಕ್ಕವರಿಗೆ ಸಡಿಲ.

ನೆಬಮುನ್‌ನ ಔತಣದ ತುಂಡಿನಲ್ಲಿ ಅತಿಥಿಗಳು ಸಾಲಾಗಿ ಕುಳಿತಿದ್ದಾರೆ. ಎಲ್ಲರ ಮುಖವೂ ಪಕ್ಕಕ್ಕೆ, ಎಲ್ಲರೂ ನೆಟ್ಟಗೆ. ಕೆಳಗಿನ ಪಟ್ಟಿಯಲ್ಲಿ ಹಾಡು, ವಾದ್ಯದ ನಾಲ್ವರು ಹೆಂಗಸರು ನೆಲದ ಮೇಲೆ ಕುಳಿತಿದ್ದಾರೆ. ಒಬ್ಬಳು ಜೋಡಿ ಕೊಳಲು ಊದುತ್ತಿದ್ದಾಳೆ. ಅವರಲ್ಲಿ ಇಬ್ಬರ ಮುಖ ಪೂರ್ತಿ ಎದುರಿಗೆ ತಿರುಗಿದೆ, ನಮ್ಮ ಕಡೆಗೇ. ಕೂದಲು ಸಡಿಲವಾಗಿದೆ. ಮಡಚಿದ ಕಾಲಿನ ಅಂಗಾಲು ಕೂಡ ಕಾಣುತ್ತದೆ. ಅವರ ಪಕ್ಕ ಇಬ್ಬರು ಹುಡುಗಿಯರು ಮೈ ಬಳುಕಿಸಿ ಕುಣಿಯುತ್ತಿದ್ದಾರೆ, ಒಬ್ಬಳ ಮೈ ಇನ್ನೊಬ್ಬಳಿಗೆ ಅಡ್ಡ ಬಂದಿದೆ.

ಎದುರು ಮುಖ ಬರೆದದ್ದು ಅದೇ ಸಮಾಧಿಯಲ್ಲಿ, ಅದೇ ಗುಂಪಿನ ಕೈಗಳು. ಹಾಗಿದ್ದರೆ ನೆಬಮುನ್‌ಗೆ ಏಕೆ ಹಾಗೆ ಬರೆಯಲಿಲ್ಲ? ಏಕೆಂದರೆ ನೆಬಮುನ್ ಈ ಗೋಡೆಯ ಮೇಲೆ ಕೊನೆಯಿಲ್ಲದ ಕಾಲ ಇರಬೇಕಾದವನು. ಅವನ ಆಕೃತಿ ಪೂರ್ತಿಯಾಗಿ, ಸ್ಥಿರವಾಗಿ, ಯಾವುದೂ ಮರೆಯಾಗದೆ ಇರಬೇಕು. ಹಾಡುವವರು ಔತಣದ ಒಂದು ಭಾಗ, ಅವರಿಂದ ಬೇಕಾದದ್ದು ಗದ್ದಲ, ಚಲನೆ, ಖುಷಿ. ಆಳುಗಳು, ರೈತರು, ಕುಣಿಯುವವರು, ಪ್ರಾಣಿಗಳು, ಇವರ ಚಿತ್ರಗಳಲ್ಲೇ ಬಗ್ಗಿದ ಬೆನ್ನು, ಒದರುವ ಕೈ, ಓಡುವ ಕಾಲು ಕಾಣುವುದು. ಹಾಗೆಂದೇ ಇಂಥ ಸಣ್ಣ ಆಕೃತಿಗಳಿಗೆ ಎಷ್ಟೋ ಸಲ ಚೌಕದ ಜಾಲವನ್ನೇ ಹಾಕುತ್ತಿರಲಿಲ್ಲ, ಕೈಬೀಸಿನಲ್ಲೇ ಬರೆಯುತ್ತಿದ್ದರು.

ಸಕ್ಕಾರದಲ್ಲಿರುವ ಟಿ ಎಂಬ ಅಧಿಕಾರಿಯ ಸಮಾಧಿ ಇದಕ್ಕಿಂತ ಸುಮಾರು ಸಾವಿರ ವರ್ಷ ಹಳೆಯದು. ಅಲ್ಲಿ ಬಣ್ಣ ಹಚ್ಚಿದ ಉಬ್ಬುಕೆತ್ತನೆಯಲ್ಲಿ ನೀರಾನೆ ಬೇಟೆ ಇದೆ. ಆಳುಗಳು ದೋಣಿಯಲ್ಲಿ ನಿಂತು ಈಟಿ ಎಸೆಯುತ್ತಿದ್ದಾರೆ, ಹಗ್ಗ ಎಳೆಯುತ್ತಿದ್ದಾರೆ. ಅವರಿಗಿಂತ ಎಷ್ಟೋ ದೊಡ್ಡದಾದ ಟಿ ತನ್ನ ದೋಣಿಯಲ್ಲಿ ಸುಮ್ನೆ ನಿಂತು ನೋಡುತ್ತಿದ್ದಾನೆ. ಅವನ ಕಾಲ ಕೆಳಗೆ ದೋಣಿ ಅಲುಗಾಡುತ್ತಿರುವ ಸುಳಿವೂ ಇಲ್ಲ. ಕೆಲಸ ಚಿಕ್ಕವರದ್ದು, ಇರುವಿಕೆ ದೊಡ್ಡವನದ್ದು.

ಇದೇ ಕಣ್ಣಿನಿಂದ ನೆಬಮುನ್‌ನ ಬೆಕ್ಕನ್ನು ನೋಡಿ. ಬಾಲದಿಂದ ಮೀಸೆಯವರೆಗೆ ಎಷ್ಟು ಸಹಜವಾಗಿದೆ! ತುಪ್ಪಳದ ಕೂದಲು, ಹಕ್ಕಿಯ ಗರಿ, ಚಿಟ್ಟೆಯ ರೆಕ್ಕೆಯ ಚುಕ್ಕಿ ಎಲ್ಲವನ್ನೂ ಹತ್ತಿರದಿಂದ ಗಮನಿಸಿದವನ ಕೆಲಸ ಅದು. ಆದರೆ ಬೆಕ್ಕಿಗೂ ಕೆಲಸ ಇದೆ. ಬೆಕ್ಕು ಸೂರ್ಯದೇವರ ಒಂದು ರೂಪವೂ ಹೌದು, ಚಿನ್ನದ ಕಣ್ಣು ಅದರ ಸೂಚನೆ ಇರಬೇಕು ಎಂದು ತಜ್ಞರು ಹೇಳುತ್ತಾರೆ. ನೀರಿನಲ್ಲಿರುವ ಮೀನುಗಳಲ್ಲಿ ತಿಲಾಪಿಯ ಇದೆ, ನಮ್ಮ ಕಡೆ ಜಿಲೇಬಿ ಮೀನು ಅನ್ನುತ್ತಾರಲ್ಲ, ಅದೇ ಜಾತಿ. ತಿಲಾಪಿಯ ಮರಿಗಳನ್ನು ಬಾಯೊಳಗೆ ಇಟ್ಟು ಕಾಪಾಡಿ ಮತ್ತೆ ಹೊರಗೆ ಬಿಡುತ್ತದೆ. ಈಜಿಪ್ಟಿನವರಿಗೆ ಅದು ಮರುಹುಟ್ಟಿನ ಗುರುತು.

## ನಿಯಮ ಬದಲಾದದ್ದು

ನೆಬಮುನ್ ಸತ್ತ ಸ್ವಲ್ಪ ಕಾಲಕ್ಕೇ ದೊಡ್ಡ ಅಲುಗಾಟ ಬಂತು. ರಾಜ ಅಖೆನಾತೆನ್ ಹಳೆಯ ದೇವರುಗಳನ್ನು ಬಿಟ್ಟು ಅತೆನ್ ಎಂಬ ಸೂರ್ಯಬಿಂಬವನ್ನು ಹಿಡಿದ. ಅಮುನ್ ದೇವರ ಹೆಸರನ್ನು ಎಲ್ಲ ಕಡೆ ಕೆರೆದು ಅಳಿಸಿದರು. ನೆಬಮುನ್‌ನ ಹೆಸರಿನಲ್ಲೇ ಅಮುನ್ ಇತ್ತಲ್ಲ, ಅವನ ಗೋಡೆಯ ಮೇಲೂ ಆ ಕೆರೆತದ ಗುರುತುಗಳಿವೆ. ಅಖೆನಾತೆನ್‌ನ ಕಾಲದಲ್ಲಿ ದೇಹದ ಆಕಾರ ಬದಲಾಯಿತು. ಉದ್ದ ಕತ್ತು, ಜೋತ ಹೊಟ್ಟೆ, ದಪ್ಪ ತೊಡೆ ಬಂದವು, 18 ಚೌಕದ ಲೆಕ್ಕವೂ ಹಿಗ್ಗಿತು. ಆದರೂ ಮುಖ ಪಕ್ಕಕ್ಕೆ, ಕಣ್ಣು ಎದುರಿಗೆ ಎಂಬುದು ಹಾಗೇ ಉಳಿಯಿತು. ಮುಂದಿನ ರಾಜರು ಹಳೆಯ ಆಕಾರಕ್ಕೆ ಮರಳಿದರು. ಇನ್ನೂ ಕೆಲವು ಶತಮಾನಗಳ ನಂತರ ಜಾಲವೇ ಬದಲಾಗಿ, ಅಂಗಾಲಿನಿಂದ ಮೇಲಿನ ರೆಪ್ಪೆಯವರೆಗೆ 21 ಚೌಕ ಎಂಬ ಹೊಸ ಲೆಕ್ಕ ಬಂತು.

ಈಜಿಪ್ಟು ರೋಮನ್ನರ ಕೈಗೆ ಬಂದ ಮೇಲೆ, ಕ್ರಿ.ಶ. 1ರಿಂದ 3ನೇ ಶತಮಾನದ ಹೊತ್ತಿಗೆ, ಮಮ್ಮಿಯ ಮುಖದ ಮೇಲೆ ಮರದ ಹಲಗೆಯ ಚಿತ್ರ ಇಡುವ ರೂಢಿ ಬೆಳೆಯಿತು. ಇವನ್ನು ಫಯೂಮ್ ಭಾವಚಿತ್ರ ಎನ್ನುತ್ತಾರೆ. ಮುಖ ನಮ್ಮ ಕಡೆ ತಿರುಗಿದೆ, ಕೆನ್ನೆಯ ಮೇಲೆ ನೆರಳಿದೆ, ಮೂಗಿನ ಮೇಲೆ ಬೆಳಕಿದೆ. ಅದೇ ಕಾಲದ ಸಕ್ಕಾರದ ಕೆಲವು ಶವವಸ್ತ್ರಗಳಲ್ಲಿ ಎರಡೂ ಪದ್ಧತಿ ಒಂದೇ ಬಟ್ಟೆಯ ಮೇಲೆ ಸಿಗುತ್ತವೆ. ನಡುವೆ ಸತ್ತ ವ್ಯಕ್ತಿ ರೋಮನ್ ಉಡುಪಿನಲ್ಲಿ, ಎದುರು ಮುಖದಲ್ಲಿ, ನೆರಳು ಬೆಳಕಿನ ಸಮೇತ ನಿಂತಿದ್ದಾನೆ. ಅವನ ಹೆಗಲ ಮೇಲೆ ಕೈ ಇಟ್ಟಿರುವ ನರಿಮುಖದ ದೇವರು ಅನುಬಿಸ್ ಮಾತ್ರ ಹಳೆಯ ರೀತಿಯಲ್ಲೇ, ಮುಖ ಪಕ್ಕಕ್ಕೆ ತಿರುಗಿಸಿಕೊಂಡೇ ಇದ್ದಾನೆ.